ಕ್ಲೈಂಟ್ ಸುಮ್ಮನಾದ ಮೇಲೆ: ತಡೆದಿಟ್ಟ ಹಣಕ್ಕೆ ಅರ್ಜಿ ಬರೆಯುವ ಬಗೆ

(ಫ್ರೀಲ್ಯಾನ್ಸ್ ಕೆಲಸಗಾರರ ಸಭೆಯೊಂದರಲ್ಲಿ ಮಾಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದೇ ಒಂದು ಸಂಗತಿಯ ಬಗ್ಗೆ ಮಾತಾಡುತ್ತೇನೆ. ಕೆಲಸ ಮುಗಿಸಿ ಕೊಟ್ಟಿದ್ದೀರಿ. ಕ್ಲೈಂಟ್ ಮೊದಲೇ ಆನ್‌ಲೈನ್ ಕೆಲಸದ ಪ್ಲಾಟ್‌ಫಾರ್ಮಿಗೆ ಹಣ ಕಟ್ಟಿದ್ದಾರೆ, ಅದು ಎಸ್ಕ್ರೋದಲ್ಲಿ, ಅಂದರೆ ಕೆಲಸಕ್ಕೆ ಒಪ್ಪಿಗೆ ಸಿಗುವ ತನಕ ಪ್ಲಾಟ್‌ಫಾರ್ಮ್ ಹಿಡಿದಿಡುವ ಖಾತೆಯಲ್ಲಿ, ಕೂತಿದೆ. ಒಪ್ಪಿಗೆ ಕೊಡಲು ಅವರಿಗೆ ಇದ್ದ ಅವಧಿ ಮುಗಿದಿದೆ. ಅವರು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಆದರೂ ಹಣ ನಿಮ್ಮ ಖಾತೆಗೆ ಬಂದಿಲ್ಲ. ಆಗ ಪ್ಲಾಟ್‌ಫಾರ್ಮಿನವರಿಗೆ ಏನಂತ ಬರೆಯಬೇಕು?

ಇಂಥ ಪತ್ರಗಳನ್ನು ತುಂಬಾ ಜನ ನನ್ನ ಹತ್ತಿರ ತಂದು ತೋರಿಸಿದ್ದಾರೆ. ಬಹುತೇಕ ಪತ್ರಗಳಲ್ಲಿ ನೋವು ಇರುತ್ತದೆ, ಸಿಟ್ಟು ಇರುತ್ತದೆ, ಎರಡೂ ನ್ಯಾಯವಾದದ್ದೇ. ಆದರೆ ಓದುವವರಿಗೆ ಬೇಕಾದ ಒಂದು ವಿಷಯ ಮಾತ್ರ ಅದರಲ್ಲಿ ಇರುವುದಿಲ್ಲ. ಅವಧಿ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ನಡುವೆ ಅದನ್ನು ನಿಲ್ಲಿಸುವಂಥದ್ದು ಏನಾದರೂ ನಡೆಯಿತಾ ಅನ್ನುವುದು. ಕ್ಲೈಂಟ್ ಮೌನವಾಗಿದ್ದಾಗ ನಿಮ್ಮ ಪರವಾಗಿ ಮಾತಾಡುವುದು ಈ ದಿನಾಂಕಗಳು ಮಾತ್ರ. ಹಾಗಾಗಿ ಪತ್ರ ಬರೆಯುವ ಮೊದಲು ಅವಧಿಯ ಲೆಕ್ಕ ಅರ್ಥವಾಗಬೇಕು.

ಅವಧಿ ಶುರುವಾಗುವುದು ಎಲ್ಲಿಂದ

ಒಂದು ಪರಿಚಿತ ಉದಾಹರಣೆ ತಗೊಳ್ಳೋಣ. ಅಪ್‌ವರ್ಕ್‌ನಲ್ಲಿ ನಿಗದಿತ ಮೊತ್ತದ ಕೆಲಸಕ್ಕೆ ಕ್ಲೈಂಟ್‌ಗೆ ಸಿಗುವ ಪರಿಶೀಲನೆಯ ಅವಧಿ 14 ದಿನ. ಅಷ್ಟರಲ್ಲಿ ಅವರು ಏನೂ ಮಾಡದಿದ್ದರೆ ಹಣ ತಾನಾಗಿಯೇ ರಿಲೀಸ್ ಆಗುತ್ತದೆ. ಆಮೇಲೆ ಇನ್ನೂ 5 ದಿನ ಭದ್ರತಾ ತಡೆ ಇರುತ್ತದೆ, ಅಷ್ಟು ದಿನ ಹಣ ತೆಗೆಯಲು ಬರುವುದಿಲ್ಲ. ಫೈವರ್‌ನಲ್ಲಿ ಕೆಲಸ ಒಪ್ಪಿಸಿದ ಮೇಲೆ ಕೊಳ್ಳುವವರಿಗೆ ಸಾಮಾನ್ಯವಾಗಿ 3 ದಿನ, ಆಮೇಲೆ ಆರ್ಡರ್ ತಾನಾಗಿ ಮುಗಿಯುತ್ತದೆ. ಆದರೆ ಹಣ ಕೈಗೆ ಸಿಗಲು ಹೆಚ್ಚಿನವರು ಇನ್ನೂ 14 ದಿನ ಕಾಯಬೇಕು. ಸಂಖ್ಯೆ ಒಂದೊಂದು ಕಡೆ ಒಂದೊಂದು. ತಾನಾಗಿ ರಿಲೀಸ್ ಆಗುವ ನಿಯಮವೇ ಇಲ್ಲದ ಪ್ಲಾಟ್‌ಫಾರ್ಮ್‌ಗಳೂ ಇವೆ. ಅಲ್ಲಿ ಕೆಲಸಗಾರರೇ ರಿಲೀಸ್‌ಗೆ ಕೋರಿಕೆ ಹಾಕಬೇಕು. ನಿಯಮ ಆಗಾಗ ಬದಲಾಗುವುದರಿಂದ ನೀವು ಒಪ್ಪಂದ ಮಾಡಿಕೊಂಡ ಪ್ಲಾಟ್‌ಫಾರ್ಮಿನ ಸಹಾಯ ಪುಟ ತೆಗೆದು ಇವತ್ತಿನ ನಿಯಮ ಓದಿಕೊಳ್ಳಿ. ಯಾರೋ ಹೇಳಿದ್ದನ್ನು ನಂಬಿ ಪತ್ರ ಬರೆಯಬೇಡಿ.

ಇಂಥ ಅವಧಿ ಇರುವ ಹೆಚ್ಚಿನ ಕಡೆಗೆ ಹೊಂದುವ ಒಂದು ಮಾತಿದೆ. ಅವಧಿ ಶುರುವಾಗುವುದು ನೀವು ಕೆಲಸ ಮುಗಿಸಿದ ದಿನದಿಂದ ಅಲ್ಲ. ಫೈಲ್ ಕಳಿಸಿದ ದಿನದಿಂದಲೂ ಅಲ್ಲ. ಹಣಕ್ಕಾಗಿ ಕೆಲಸ ಸಲ್ಲಿಸುವ ಆ ಒಂದು ಬಟನ್ ಒತ್ತಿದ ಕ್ಷಣದಿಂದ. ಚಾಟ್‌ನಲ್ಲಿ ಫೈಲ್ ಹಾಕಿ "ನೋಡಿ ಹೇಳಿ" ಅಂದರೆ ಮನುಷ್ಯರ ಮಟ್ಟಿಗೆ ಅದು ಸಲ್ಲಿಕೆಯೇ. ವ್ಯವಸ್ಥೆಯ ಮಟ್ಟಿಗೆ ಅದು ಬರೀ ಒಂದು ಮೆಸೇಜ್. ಕ್ಲೈಂಟ್ "ಚೆನ್ನಾಗಿದೆ, ಥ್ಯಾಂಕ್ಸ್" ಅಂತ ಚಾಟ್‌ನಲ್ಲೇ ಉತ್ತರ ಕೊಟ್ಟರೂ ಅಷ್ಟೇ. ಅದು ಒಳ್ಳೆ ಸಾಕ್ಷಿ ಹೌದು, ಆದರೆ ಅವಧಿಯ ಲೆಕ್ಕ ಅದರಿಂದ ಶುರುವಾಗುವುದಿಲ್ಲ.

ಹಾಗೆಯೇ ಲೆಕ್ಕವನ್ನು ನಿಲ್ಲಿಸುವ ಸಂಗತಿಗಳೂ ಇವೆ. ಕ್ಲೈಂಟ್ ಬದಲಾವಣೆ ಕೇಳುವ ಬಟನ್ ಒತ್ತಿದರೆ ಆ ಸಲ್ಲಿಕೆ ನಿಮ್ಮ ಕಡೆಗೆ ವಾಪಸ್ ಬಂದ ಹಾಗೆ. ನೀವು ಸರಿಪಡಿಸಿ ಮತ್ತೆ ಸಲ್ಲಿಸಬೇಕು, ಆಗ ಅವಧಿ ಮೊದಲಿನಿಂದ ಶುರು. ಯಾರಾದರೂ ಡಿಸ್ಪ್ಯೂಟ್, ಅಂದರೆ ಪ್ಲಾಟ್‌ಫಾರ್ಮಿನ ಮುಂದೆ ಅಧಿಕೃತ ತಕರಾರು, ತೆರೆದರೆ ಹಣ ಅಲ್ಲೇ ನಿಲ್ಲುತ್ತದೆ. ಕ್ಲೈಂಟ್‌ನ ಕಾರ್ಡ್‌ನಲ್ಲೋ ಖಾತೆಯಲ್ಲೋ ತೊಂದರೆ ಕಂಡು ಪ್ಲಾಟ್‌ಫಾರ್ಮ್ ತನಿಖೆಗೆ ಇಳಿದರೂ ನಿಲ್ಲಬಹುದು. ಇವುಗಳಲ್ಲಿ ಮೊದಲನೆಯದು ಜಾಸ್ತಿ ಜನರನ್ನು ಸಿಕ್ಕಿಸುವಂಥದ್ದು. ಅದನ್ನು ಒಂದು ಪ್ರಕರಣದಲ್ಲಿ ತೋರಿಸುತ್ತೇನೆ.

ಒಂದು ಪ್ರಕರಣ

ಅವರು ವಿಡಿಯೋಗಳಿಗೆ ಸಬ್‌ಟೈಟಲ್ ಮಾಡುವವರು. ಹೆಸರು ಬೇಡ, ಪ್ಲಾಟ್‌ಫಾರ್ಮಿನ ಹೆಸರೂ ಬೇಡ. ಹನ್ನೆರಡು ಕಂತುಗಳ ಒಂದು ಸರಣಿಗೆ ಸಬ್‌ಟೈಟಲ್ ಮಾಡುವ ಒಪ್ಪಂದ. ಎರಡು ಮೈಲ್‌ಸ್ಟೋನ್, ಅಂದರೆ ಬೇರೆ ಬೇರೆಯಾಗಿ ಹಣ ಕಟ್ಟುವ ಎರಡು ಹಂತ. ಮೊದಲ ನಾಲ್ಕು ಕಂತಿಗೆ 200 ಡಾಲರ್, ಉಳಿದ ಎಂಟಕ್ಕೆ 400. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದಕ್ಕೂ ಕ್ಲೈಂಟ್ ಹಣ ಕಟ್ಟಿದ್ದರು. ಅಲ್ಲಿ ಒಪ್ಪಿಗೆಯ ಅವಧಿ 14 ದಿನ.

ಮಾರ್ಚ್ 3ಕ್ಕೆ ಅವರು ಎಂಟೂ ಕಂತಿನ ಫೈಲ್‌ಗಳ ಲಿಂಕನ್ನು ಚಾಟ್‌ನಲ್ಲಿ ಕಳಿಸಿದರು. ಎರಡು ದಿನ ಬಿಟ್ಟು ಕ್ಲೈಂಟ್ "ಬಂತು, ನೋಡ್ತೀನಿ" ಅಂದರು. ಮಾರ್ಚ್ 10ಕ್ಕೆ ಇವರು ಸಲ್ಲಿಕೆಯ ಬಟನ್ ಒತ್ತಿದರು. ಮಾರ್ಚ್ 14ಕ್ಕೆ ಕ್ಲೈಂಟ್ ಬದಲಾವಣೆ ಕೇಳಿದರು: ಏಳನೇ ಮತ್ತು ಒಂಬತ್ತನೇ ಕಂತಿನಲ್ಲಿ ಮಾತಾಡುವವರ ಹೆಸರು ಅದಲುಬದಲಾಗಿದೆ. ಅದು ಬಟನ್ ಮೂಲಕವೇ ಬಂದ ಕೋರಿಕೆ. ಇವರು ಎರಡೇ ದಿನದಲ್ಲಿ ಸರಿಪಡಿಸಿ, ಮಾರ್ಚ್ 16ಕ್ಕೆ ಆ ಎರಡು ಫೈಲ್‌ಗಳನ್ನು ಚಾಟ್‌ನಲ್ಲಿ ಹಾಕಿದರು. ಅಲ್ಲಿಂದ ಮುಂದೆ ಕ್ಲೈಂಟ್ ಮಾತಿಲ್ಲ. ಎರಡು ಸಲ ನೆನಪಿಸಿದರೂ ಇಲ್ಲ.

ಇವರ ಲೆಕ್ಕ ಸರಳವಾಗಿತ್ತು. ಮಾರ್ಚ್ 10ಕ್ಕೆ 14 ಸೇರಿಸಿದರೆ ಮಾರ್ಚ್ 24. ಹಣ ಬರಲಿಲ್ಲ. ಮಾರ್ಚ್ 26ಕ್ಕೆ ಸಪೋರ್ಟ್‌ಗೆ ಉದ್ದದ ಪತ್ರ ಬರೆದರು. ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದ್ದು, ಕ್ಲೈಂಟ್ ನಡುವೆ ವಿಡಿಯೋ ಬದಲಾಯಿಸಿದ್ದು, ಮನೆಯ ಖರ್ಚು, ಎಲ್ಲ ಇತ್ತು. ಒಂದು ಅಕ್ಷರವೂ ಸುಳ್ಳಲ್ಲ. ಬಂದ ಉತ್ತರ ಎರಡು ಸಾಲು: "ಈ ಮೈಲ್‌ಸ್ಟೋನ್‌ನಲ್ಲಿ ಪರಿಶೀಲನೆಗೆ ಬಾಕಿ ಇರುವ ಸಲ್ಲಿಕೆ ಇಲ್ಲ. ದಯವಿಟ್ಟು ನಿಮ್ಮ ಕ್ಲೈಂಟ್ ಜೊತೆ ಮಾತಾಡಿ."

ಆ ಉತ್ತರ ಓದಿದಾಗ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಮಾತಾಡದ ಮನುಷ್ಯನ ಜೊತೆ ಮಾತಾಡಿ ಅಂದರೆ ಹೇಗೆ? ಆದರೆ ಮೊದಲ ಸಾಲಿನಲ್ಲಿ ಸತ್ಯ ಇತ್ತು. ಮಾರ್ಚ್ 14ರ ಬದಲಾವಣೆಯ ಕೋರಿಕೆ ಆ ಸಲ್ಲಿಕೆಯನ್ನು ಮುಚ್ಚಿತ್ತು. ಮಾರ್ಚ್ 16ಕ್ಕೆ ಇವರು ಫೈಲ್ ಕೊಟ್ಟರು, ಬಟನ್ ಒತ್ತಲಿಲ್ಲ. ಅಂದರೆ ಲೆಕ್ಕ ಓಡುತ್ತಲೇ ಇರಲಿಲ್ಲ. ಅವರು ಇನ್ನೂ ಎರಡು ತಿಂಗಳು ಕಾದಿದ್ದರೂ ಹಣ ತಾನಾಗಿ ಬರುತ್ತಿರಲಿಲ್ಲ.

ಇಲ್ಲಿ ತಪ್ಪನ್ನು ಕೆಲಸಗಾರರ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. "ನಿಮ್ಮ ಅವಧಿ ನಿಂತಿದೆ, ಮತ್ತೆ ಸಲ್ಲಿಸಿ" ಅಂತ ದೊಡ್ಡ ಅಕ್ಷರದಲ್ಲಿ ತೋರಿಸುವುದು ಪ್ಲಾಟ್‌ಫಾರ್ಮಿನ ಕೆಲಸ. ಕ್ಲೈಂಟ್‌ಗೆ "ಇನ್ನು ಮೂರು ದಿನ ಉಳಿದಿದೆ" ಅಂತ ಇಮೇಲ್ ಕಳಿಸಲು ಬರುವವರಿಗೆ ಇದೂ ಬರಬೇಕು. ಆದರೆ ಅವರು ಬದಲಾಗುವ ತನಕ ನಾವೇ ನೋಡಿಕೊಳ್ಳಬೇಕಾಗಿದೆ.

ಮಾರ್ಚ್ 28ಕ್ಕೆ ಅವರು ಮತ್ತೆ ಸಲ್ಲಿಸಿದರು. ಈ ಸಲ ಎಂಟೂ ಫೈಲ್ ಒಟ್ಟಿಗೆ ಸೇರಿಸಿ, ಸಲ್ಲಿಕೆಯ ಟಿಪ್ಪಣಿಯಲ್ಲಿ ಎರಡು ಸಾಲು ಬರೆದರು: "5ರಿಂದ 12ನೇ ಕಂತಿನವರೆಗಿನ ಸಬ್‌ಟೈಟಲ್ ಫೈಲ್‌ಗಳು. ಮಾರ್ಚ್ 14ರಂದು ಕೇಳಿದ ಹಾಗೆ 7 ಮತ್ತು 9ರಲ್ಲಿ ಹೆಸರುಗಳನ್ನು ಸರಿಪಡಿಸಲಾಗಿದೆ." ಈ ಟಿಪ್ಪಣಿ ಕ್ಲೈಂಟ್‌ಗಾಗಿ ಮಾತ್ರ ಅಲ್ಲ. ನಾಳೆ ಈ ಪುಟ ತೆರೆದು ನೋಡುವ ಸಪೋರ್ಟ್ ಸಿಬ್ಬಂದಿಗೂ ಹೌದು. ಕೇಳಿದ್ದನ್ನು ಮಾಡಿಕೊಟ್ಟಿದ್ದಾರೆ ಅಂತ ಅವರಿಗೆ ಒಂದೇ ನೋಟಕ್ಕೆ ಗೊತ್ತಾಗಬೇಕು.

ಸಮಯ ಗಮನಿಸಿ. ಚಟುವಟಿಕೆಯ ಪಟ್ಟಿಯಲ್ಲಿ ಆ ಸಲ್ಲಿಕೆ ಮಾರ್ಚ್ 28, ಯುಟಿಸಿ 10:40 ಅಂತ ದಾಖಲಾಗಿತ್ತು. ಯುಟಿಸಿ ಅಂದರೆ ಜಾಗತಿಕ ಸಮಯ, ನಮ್ಮ ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ಅವಧಿ ಮುಗಿಯುವುದು ಏಪ್ರಿಲ್ 11, ಯುಟಿಸಿ 10:40ಕ್ಕೆ. ಹಲವು ಪ್ಲಾಟ್‌ಫಾರ್ಮ್‌ಗಳು ಯುಟಿಸಿಯಲ್ಲೇ ಲೆಕ್ಕ ಇಡುತ್ತವೆ, ನಿಮ್ಮ ಗೋಡೆ ಗಡಿಯಾರದಲ್ಲಿ ಅಲ್ಲ. ಕೊನೆಯ ದಿನ ಬೆಳಿಗ್ಗೆಯೇ "ಅವಧಿ ಮುಗಿದಿದೆ" ಅಂತ ಬರೆದರೆ ಅವರ ಲೆಕ್ಕದಲ್ಲಿ ಇನ್ನೂ ಮುಗಿದಿರುವುದಿಲ್ಲ. ನಿಮ್ಮ ಟಿಕೆಟನ್ನು, ಅಂದರೆ ಸಪೋರ್ಟ್‌ನಲ್ಲಿ ದಾಖಲಾದ ನಿಮ್ಮ ಅರ್ಜಿಯನ್ನು, ಅಲ್ಲೇ ಮುಚ್ಚಿಬಿಡುತ್ತಾರೆ. ಒಂದು ದಿನ ಬಿಟ್ಟು ಬರೆದರೆ ಏನೂ ನಷ್ಟವಿಲ್ಲ.

ಏಪ್ರಿಲ್ 11 ಕಳೆಯಿತು. ಕ್ಲೈಂಟ್ ಒಂದು ಅಕ್ಷರವೂ ಬರೆಯಲಿಲ್ಲ, ಯಾವ ಬಟನ್ನೂ ಒತ್ತಲಿಲ್ಲ. ಆದರೂ ಏಪ್ರಿಲ್ 13ಕ್ಕೆ ಮೈಲ್‌ಸ್ಟೋನ್ ಎದುರಿಗೆ "ತಡೆಹಿಡಿಯಲಾಗಿದೆ" ಅಂತಲೇ ಇತ್ತು. ಈಗ ಪತ್ರ ಬರೆಯುವ ಸಮಯ ನಿಜವಾಗಿ ಬಂದಿತ್ತು.

ಹಣ ಎಲ್ಲಿ ನಿಂತಿದೆ

ಬರೆಯುವ ಮೊದಲು ಇನ್ನೊಂದು ವಿಷಯ ಖಾತ್ರಿ ಮಾಡಿಕೊಳ್ಳಬೇಕು. "ಹಣ ಬಂದಿಲ್ಲ" ಅನ್ನುವ ಒಂದೇ ಮಾತಿನ ಹಿಂದೆ ಬೇರೆ ಬೇರೆ ಸ್ಥಿತಿಗಳು ಇರುತ್ತವೆ.

ಕೆಲವೊಮ್ಮೆ ಮೈಲ್‌ಸ್ಟೋನ್ ಬರೆದಿರುತ್ತಾರೆ, ಹಣವನ್ನೇ ಕಟ್ಟಿರುವುದಿಲ್ಲ. ಆಗ ಪ್ಲಾಟ್‌ಫಾರ್ಮ್ ಕೈಯಲ್ಲಿ ರಿಲೀಸ್ ಮಾಡಲು ಏನೂ ಇಲ್ಲ. ಎಷ್ಟೇ ಚೆನ್ನಾಗಿ ಬರೆದರೂ ಪತ್ರದಿಂದ ಹಣ ಹುಟ್ಟುವುದಿಲ್ಲ. ಅದಕ್ಕೇ ಕೆಲಸ ಶುರು ಮಾಡುವ ಮೊದಲು ಮೈಲ್‌ಸ್ಟೋನ್‌ಗೆ ಹಣ ಬಂದಿದೆಯಾ ಅಂತ ಕಣ್ಣಾರೆ ನೋಡಬೇಕು. ಇನ್ನು ಕೆಲವೊಮ್ಮೆ ಹಣ ಆಗಲೇ ರಿಲೀಸ್ ಆಗಿರುತ್ತದೆ, ಭದ್ರತಾ ತಡೆಯ ದಿನಗಳು ನಡೆಯುತ್ತಿರುತ್ತವೆ. ಆಗ ಪತ್ರದ ಅಗತ್ಯವೇ ಇಲ್ಲ, ಕಾದರೆ ಸಾಕು. ಮತ್ತೆ ಕೆಲವು ಸಲ ತಡೆ ಇರುವುದು ನಿಮ್ಮದೇ ಖಾತೆಯ ಮೇಲೆ. ಗುರುತಿನ ದಾಖಲೆ ಹಳೆಯದಾಗಿದೆ, ತೆರಿಗೆ ಫಾರ್ಮ್ ತುಂಬಿಲ್ಲ, ಇಂಥದ್ದು. ಇದು ಗೊತ್ತಾಗುವುದು ಸುಲಭ. ಆ ಒಂದು ಮೈಲ್‌ಸ್ಟೋನ್ ಮಾತ್ರವಲ್ಲ, ಬೇರೆ ಕೆಲಸದ ಹಣವೂ ಹೊರಗೆ ಬರುವುದಿಲ್ಲ.

ನಮ್ಮ ಸಬ್‌ಟೈಟಲ್ ಮಾಡುವವರು ಇದೆಲ್ಲ ನೋಡಿದರು. ಹಣ ಕಟ್ಟಿದ ದಾಖಲೆ ಇತ್ತು. ಬೇರೆ ಕ್ಲೈಂಟ್‌ನ ಹಣ ಅದೇ ವಾರ ಸರಿಯಾಗಿ ಬಂದಿತ್ತು. ಭದ್ರತಾ ತಡೆ ಶುರುವಾದ ಗುರುತು ಇರಲಿಲ್ಲ. ಅಂದರೆ ಅವಧಿ ಮುಗಿದರೂ ರಿಲೀಸ್ ಆಗಬೇಕಾದ ಜಾಗದಲ್ಲೇ ನಿಂತಿದೆ ಅಂತ ಖಚಿತವಾಯಿತು.

ಡಿಸ್ಪ್ಯೂಟ್ ಬೇಡ

ಈ ಹಂತದಲ್ಲಿ ತುಂಬಾ ಜನ ಡಿಸ್ಪ್ಯೂಟ್ ತೆರೆಯುತ್ತಾರೆ. ಆ ಹೆಸರು ಕೇಳಿದರೆ ಬಲವಾದ ಕ್ರಮ ಅನ್ನಿಸುತ್ತದೆ. ನಾನು ಮಾತ್ರ ಕೈ ಹಿಡಿದು ನಿಲ್ಲಿಸುತ್ತೇನೆ.

ಡಿಸ್ಪ್ಯೂಟ್ ಇರುವುದು ಇಬ್ಬರ ನಡುವೆ ತಕರಾರು ಇದ್ದಾಗ. ಇಲ್ಲಿ ತಕರಾರೇ ಇಲ್ಲ. ಕೆಲಸ ಸರಿ ಇಲ್ಲ ಅಂತ ಯಾರೂ ಹೇಳಿಲ್ಲ. ನೀವು ಡಿಸ್ಪ್ಯೂಟ್ ಅಂದ ಕೂಡಲೇ ಮಧ್ಯಸ್ಥಿಕೆಯವರು ಕ್ಲೈಂಟ್‌ಗೆ ಬರೆದು "ನಿಮ್ಮ ಮಾತೇನು" ಅಂತ ಕೇಳುತ್ತಾರೆ, ಅವರ ಉತ್ತರಕ್ಕೆ ಹೊಸದಾಗಿ ದಿನಗಳನ್ನು ಕೊಡುತ್ತಾರೆ. ಅವಧಿ ಮುಗಿದು ನಿಮ್ಮ ಪರ ಆಗಿದ್ದ ವಿಷಯವನ್ನು ನೀವೇ ಮತ್ತೆ ಚರ್ಚೆಗೆ ಎಳೆದು ತಂದ ಹಾಗಾಗುತ್ತದೆ. ಅವಧಿ ಇನ್ನೂ ಓಡುತ್ತಿರುವಾಗ ತೆರೆದರಂತೂ ಆ ಲೆಕ್ಕವೇ ನಿಂತುಹೋಗಬಹುದು. ಹಾಗಾಗಿ ಸಪೋರ್ಟ್‌ನಲ್ಲಿ ವಿಷಯ ಆರಿಸುವಾಗ ಪಾವತಿಯ ಸ್ಥಿತಿ, ಎಸ್ಕ್ರೋ, ಮೈಲ್‌ಸ್ಟೋನ್ ಅನ್ನುವಂಥದ್ದನ್ನು ಆರಿಸಿ. ಕ್ಲೈಂಟ್ ಎದ್ದು ಬಂದು ಕೆಲಸವನ್ನೇ ಅಲ್ಲಗಳೆದರೆ ಆಗ ಡಿಸ್ಪ್ಯೂಟ್‌ನ ಮಾತು.

ಇನ್ನೊಂದು ಬಟನ್ ಇದೆ, ಅದರ ಹತ್ತಿರವೂ ಹೋಗಬೇಡಿ: ಒಪ್ಪಂದ ಮುಗಿಸುವುದು. ಬೇಸರದಿಂದ "ಇವರ ಸಹವಾಸವೇ ಬೇಡ" ಅಂತ ಒತ್ತಿಬಿಡುತ್ತಾರೆ. ಎಸ್ಕ್ರೋದಲ್ಲಿ ಹಣ ಇರುವಾಗ ಕೆಲಸಗಾರರೇ ಒಪ್ಪಂದ ಮುಗಿಸಿದರೆ ಆ ಹಣ ಕ್ಲೈಂಟ್‌ಗೆ ವಾಪಸ್ ಹೋಗಬಹುದು. ಬಟನ್ ಒತ್ತಿದಾಗ ಬರುವ ಎಚ್ಚರಿಕೆಯ ಪೆಟ್ಟಿಗೆಯಲ್ಲಿ ಇದನ್ನು ಬರೆದಿರುತ್ತಾರೆ. ಸಿಟ್ಟಿನಲ್ಲಿ ಅದನ್ನು ಓದುವವರು ಕಡಿಮೆ.

ಪತ್ರ

ಈಗ ಪತ್ರಕ್ಕೆ ಬರೋಣ. ಏಪ್ರಿಲ್ 14ಕ್ಕೆ ಅವರು ಕಳಿಸಿದ್ದು ಹೆಚ್ಚು ಕಡಿಮೆ ಹೀಗಿತ್ತು. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ನೀವು ಸಪೋರ್ಟ್‌ನವರ ಭಾಷೆಯಲ್ಲಿ ಬರೆದುಕೊಳ್ಳಿ.

*ವಿಷಯ: ಒಪ್ಪಿಗೆಯ ಅವಧಿ ಏಪ್ರಿಲ್ 11ಕ್ಕೆ ಮುಗಿದರೂ ಮೈಲ್‌ಸ್ಟೋನ್ 2ರ ಹಣ ರಿಲೀಸ್ ಆಗಿಲ್ಲ*

*ಒಪ್ಪಂದದ ಸಂಖ್ಯೆ ಕೆಳಗಿದೆ. ಮೈಲ್‌ಸ್ಟೋನ್ 2ಕ್ಕೆ ಕ್ಲೈಂಟ್ ಕಟ್ಟಿದ 400 ಡಾಲರ್ ಎಸ್ಕ್ರೋದಲ್ಲಿದೆ.*

*ಮಾರ್ಚ್ 14ರಂದು ಕ್ಲೈಂಟ್ 7 ಮತ್ತು 9ನೇ ಕಂತಿನಲ್ಲಿ ಬದಲಾವಣೆ ಕೇಳಿದ್ದರು. ಆ ಬದಲಾವಣೆ ಮಾಡಿ, ಮಾರ್ಚ್ 28ರಂದು ಯುಟಿಸಿ 10:40ಕ್ಕೆ ಪೂರ್ತಿ ಕೆಲಸವನ್ನು ಮತ್ತೆ ಸಲ್ಲಿಸಿದ್ದೇನೆ. 14 ದಿನಗಳ ಅವಧಿ ಏಪ್ರಿಲ್ 11ರಂದು ಯುಟಿಸಿ 10:40ಕ್ಕೆ ಮುಗಿದಿದೆ. ಮಾರ್ಚ್ 28ರ ನಂತರ ಕ್ಲೈಂಟ್ ಒಪ್ಪಿಗೆ ಕೊಟ್ಟಿಲ್ಲ, ಬದಲಾವಣೆ ಕೇಳಿಲ್ಲ, ಡಿಸ್ಪ್ಯೂಟ್ ತೆರೆದಿಲ್ಲ. ನಾನು ಏಪ್ರಿಲ್ 2 ಮತ್ತು 8ರಂದು ಕಳಿಸಿದ ಮೆಸೇಜ್‌ಗಳಿಗೆ ಉತ್ತರ ಬಂದಿಲ್ಲ.*

*ನಿಮ್ಮ ನಿಯಮದ ಪ್ರಕಾರ ಈ ಹಣ ತಾನಾಗಿ ರಿಲೀಸ್ ಆಗಬೇಕಿತ್ತು. ದಯವಿಟ್ಟು ರಿಲೀಸ್ ಮಾಡಿ. ಬೇರೆ ಯಾವುದಾದರೂ ತಡೆ ಇದ್ದರೆ, ಅದು ಯಾವ ನಿಯಮದ ಕೆಳಗಿನ ತಡೆ, ಅದನ್ನು ತೆಗೆಯಲು ನನ್ನಿಂದ ಏನು ಬೇಕು, ಯಾವಾಗ ಮತ್ತೆ ಪರಿಶೀಲಿಸುತ್ತೀರಿ ಅಂತ ತಿಳಿಸಿ.*

*ಜೊತೆಗೆ: ಹಣ ಕಟ್ಟಿದ ಮೈಲ್‌ಸ್ಟೋನ್ ಪುಟ, ಮಾರ್ಚ್ 28ರ ಸಲ್ಲಿಕೆ ಕಾಣುವ ಚಟುವಟಿಕೆಯ ಪಟ್ಟಿ, ಮಾರ್ಚ್ 14ರ ನಂತರದ ಚಾಟ್.*

ಅಷ್ಟೇ. ಇದರಲ್ಲಿ ಕೆಲವು ವಿಷಯ ಗಮನಿಸಿ. ಬದಲಾವಣೆ ಕೇಳಿದ್ದನ್ನು ಅವರು ಮುಚ್ಚಿಡಲಿಲ್ಲ, ತಾವೇ ಮೊದಲು ಹೇಳಿದರು. ಪುಟ ತೆರೆದವರ ಕಣ್ಣಿಗೆ ಅದು ಹೇಗೂ ಬೀಳುತ್ತದೆ. ನೀವು ಹೇಳದೆ ಬಿಟ್ಟರೆ "ಬದಲಾವಣೆ ಬಾಕಿ ಇದೆ" ಅಂತ ಟಿಕೆಟ್ ಮುಚ್ಚಲು ಅದೇ ಕಾರಣವಾಗುತ್ತದೆ. ಏಪ್ರಿಲ್ 2 ಮತ್ತು 8ರ ಮೆಸೇಜ್‌ಗಳನ್ನು ಪ್ಲಾಟ್‌ಫಾರ್ಮಿನ ಚಾಟ್‌ನಲ್ಲೇ ಕಳಿಸಿದ್ದರು. ಹೊರಗೆ ಬೇರೆ ಆ್ಯಪ್‌ನಲ್ಲಿ ಕಳಿಸಿದ್ದರೆ ಸಪೋರ್ಟ್‌ನವರಿಗೆ ಅದು ಇದ್ದೂ ಇಲ್ಲದ ಹಾಗೆ. ಕೆಲವು ಕಡೆ ಹೊರಗೆ ಮಾತಾಡುವುದೇ ನಿಯಮಕ್ಕೆ ವಿರುದ್ಧ, ಅಂಥ ಸ್ಕ್ರೀನ್‌ಶಾಟ್ ಕಳಿಸಿ ನೀವೇ ತೊಂದರೆಗೆ ಸಿಲುಕಬಹುದು.

ಮೂರೇ ಸ್ಕ್ರೀನ್‌ಶಾಟ್ ಯಾಕೆ ಅಂತ ಕೇಳಬಹುದು. ಒಂದೊಂದು ಚಿತ್ರವೂ ಪತ್ರದ ಒಂದೊಂದು ಮಾತನ್ನು ಹಿಡಿದು ನಿಲ್ಲಿಸುತ್ತದೆ: ಹಣ ಇದೆ, ಸಲ್ಲಿಕೆ ಆಗಿದೆ, ಆಮೇಲೆ ಮೌನ. ಇಪ್ಪತ್ತು ಚಿತ್ರ ಹಾಕಿದರೆ ಮುಖ್ಯವಾದದ್ದು ಅದರಲ್ಲಿ ಮುಳುಗಿಹೋಗುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ ಮತ್ತು ಒಪ್ಪಂದದ ಹೆಸರು ಎರಡೂ ಕಾಣಬೇಕು. "ಎರಡು ವಾರದ ಹಿಂದೆ" ಅಂತ ತೋರಿಸುವ ಪುಟ ಸಾಲದು. ಬಹಳ ಕಡೆ ಅದರ ಮೇಲೆ ಮೌಸ್ ಇಟ್ಟರೆ ಪೂರ್ತಿ ದಿನಾಂಕ ಕಾಣುತ್ತದೆ, ಆಗ ಚಿತ್ರ ತೆಗೆಯಿರಿ.

ನನಗೆ ಆ ಪತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕೊನೆಯ ಕೋರಿಕೆ. ಬರೀ "ರಿಲೀಸ್ ಮಾಡಿ" ಅಂದಿದ್ದರೆ "ಪರಿಶೀಲನೆಯಲ್ಲಿದೆ" ಅಂತ ಉತ್ತರ ಕೊಟ್ಟು ಟಿಕೆಟ್ ಮುಚ್ಚಲು ದಾರಿ ಇರುತ್ತಿತ್ತು. ಯಾವ ನಿಯಮ, ನನ್ನಿಂದ ಏನು ಬೇಕು, ಯಾವಾಗ ಅಂತ ಕೇಳಿದಾಗ ಉತ್ತರ ಕೊಡುವವರು ನಿಜವಾಗಿ ಪುಟ ತೆರೆದು ನೋಡಲೇಬೇಕು.

ಬಂದ ಉತ್ತರ

ಮರುದಿನ ಬಂದದ್ದು ಸಿದ್ಧ ಉತ್ತರ: ದಯವಿಟ್ಟು ಕ್ಲೈಂಟ್ ಜೊತೆ ಮಾತಾಡಿ. ಇಲ್ಲಿ ತಾಳ್ಮೆ ಕೆಡುವುದು ಸಹಜ. ಹೊಸ ಟಿಕೆಟ್ ತೆರೆಯಬೇಕು ಅನ್ನಿಸುತ್ತದೆ. ಅದು ಮಾಡಬಾರದು. ಒಂದೇ ವಿಷಯಕ್ಕೆ ನಾಲ್ಕು ಟಿಕೆಟ್ ಇದ್ದರೆ ಒಂದರಲ್ಲಿ ಕೊಟ್ಟ ದಾಖಲೆ ಇನ್ನೊಂದನ್ನು ನೋಡುವವರಿಗೆ ಗೊತ್ತಿರುವುದಿಲ್ಲ. ಎಲ್ಲವನ್ನೂ ಒಟ್ಟುಗೂಡಿಸಿ ಮತ್ತೆ ಸಾಲಿನ ಕೊನೆಗೆ ತಳ್ಳುವುದೂ ಉಂಟು. ಅವರು ಅದೇ ಟಿಕೆಟ್‌ನಲ್ಲಿ ಮೂರು ಸಾಲು ಬರೆದರು: "ಕ್ಲೈಂಟ್‌ಗೆ ಎರಡು ಸಲ ಬರೆದಿದ್ದೇನೆ, ಚಿತ್ರ 3 ನೋಡಿ. ನನ್ನ ಪ್ರಶ್ನೆ ಕ್ಲೈಂಟ್‌ನ ಒಪ್ಪಿಗೆಯ ಬಗ್ಗೆ ಅಲ್ಲ, ಅವಧಿ ಮುಗಿದ ಮೇಲೆ ತಾನಾಗಿ ಆಗಬೇಕಾದ ರಿಲೀಸ್ ಆಗದಿರುವ ಬಗ್ಗೆ. ದಯವಿಟ್ಟು ಇದನ್ನು ಪಾವತಿ ವಿಭಾಗಕ್ಕೆ ಕಳಿಸಿ."

ಎರಡು ದಿನದ ಮೇಲೆ ಪಾವತಿ ವಿಭಾಗದ ಒಬ್ಬರು ಬರೆದರು. ಕ್ಲೈಂಟ್‌ನ ಖಾತೆಯಲ್ಲಿ ಗುರುತಿನ ಪರಿಶೀಲನೆ ಬಾಕಿ ಉಳಿದಿತ್ತು, ಅದರಿಂದ ಆ ಖಾತೆಯ ಎಲ್ಲ ವ್ಯವಹಾರಗಳಿಗೂ ತಡೆ ಬಿದ್ದಿತ್ತು. ಕಾರ್ಡ್‌ನ ಪಾವತಿಯಲ್ಲಿ ತೊಂದರೆ ಇಲ್ಲ ಅಂತ ಅವರು ನೋಡಿ, ಏಪ್ರಿಲ್ 18ಕ್ಕೆ ಹಣ ರಿಲೀಸ್ ಮಾಡಿದರು. ಆಮೇಲೆ ಐದು ದಿನದ ಭದ್ರತಾ ತಡೆ. ಏಪ್ರಿಲ್ 23ಕ್ಕೆ ಹಣ ತೆಗೆಯಲು ಸಿಕ್ಕಿತು.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಕ್ಲೈಂಟ್ ಕಟ್ಟಿದ್ದು ಕದ್ದ ಕಾರ್ಡ್‌ನಿಂದ ಅಂತಾದರೆ, ಕಾರ್ಡಿನ ನಿಜವಾದ ಮಾಲೀಕರು ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಪಡೆಯುತ್ತಾರೆ. ಆಗ ಪ್ಲಾಟ್‌ಫಾರ್ಮ್ ಅದನ್ನು ನಿಮಗೆ ಕೊಡದೇ ಇರಬಹುದು. ಅಲ್ಲಿ ನೀವು ಕೇಳಬಹುದಾದದ್ದು ಇಷ್ಟೇ: ಇಂಥ ಸಂದರ್ಭಕ್ಕೆ ಕೆಲಸಗಾರರಿಗೆ ನಿಮ್ಮಲ್ಲಿ ಯಾವ ರಕ್ಷಣೆ ಇದೆ, ನನ್ನ ಒಪ್ಪಂದ ಅದರಲ್ಲಿ ಬರುತ್ತದಾ? ಗಂಟೆ ಲೆಕ್ಕದ ಕೆಲಸದ ನಿಯಮಗಳೇ ಬೇರೆ, ಅಲ್ಲಿ ಸಮಯ ದಾಖಲಿಸುವ ಆ್ಯಪ್ ಓಡಿಸಿದ್ದೀರಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇವತ್ತು ಅದಕ್ಕೆ ಹೋಗುವುದಿಲ್ಲ.

ಮೌನದ ನಿಯಮ ನಮಗೂ ಇದೆ

ಮುಗಿಸುವ ಮೊದಲು ಒಂದು ಎಚ್ಚರಿಕೆ ಹೇಳಲೇಬೇಕು. ಅವಧಿ ಮೀರಿದ ಮೌನವನ್ನು ಒಪ್ಪಿಗೆ ಅಂತ ತಗೊಳ್ಳುವ ನಿಯಮ ನಮ್ಮ ವಿರುದ್ಧವೂ ಓಡುತ್ತದೆ. ಅಪ್‌ವರ್ಕ್‌ನಲ್ಲಿ ಕ್ಲೈಂಟ್ ಒಪ್ಪಂದ ಮುಗಿಸಿ ಎಸ್ಕ್ರೋದ ಹಣ ವಾಪಸ್ ಕೇಳಿದರೆ, ಕೆಲಸಗಾರರು 7 ದಿನದೊಳಗೆ ಒಪ್ಪಬೇಕು ಅಥವಾ ತಕರಾರು ಎತ್ತಬೇಕು. ಸುಮ್ನೆ ಇದ್ದರೆ ಹಣ ಕ್ಲೈಂಟ್‌ಗೆ ಹೋಗುತ್ತದೆ. ಬೇರೆ ಕಡೆಯೂ ಇಂಥ ನಿಯಮ ಇರಬಹುದು.

ಇದರ ಅಪಾಯ ಏನು ಗೊತ್ತಾ? ಕ್ಲೈಂಟ್ ಉತ್ತರ ಕೊಡುವುದಿಲ್ಲ ಅಂತ ಬೇಸತ್ತವರು ಆ ಒಪ್ಪಂದದ ಸೂಚನೆಗಳನ್ನು ನೋಡುವುದನ್ನೇ ಬಿಟ್ಟಿರುತ್ತಾರೆ. ಇಮೇಲ್ ಎಲ್ಲೋ ಪ್ರಮೋಷನ್ ಪಟ್ಟಿಯಲ್ಲಿ ಬಿದ್ದಿರುತ್ತದೆ. ಅವಧಿ ಲೆಕ್ಕ ಹಾಕುತ್ತಾ ಕಾಯುವಾಗ ಪ್ಲಾಟ್‌ಫಾರ್ಮಿನ ಒಳಗೆ ಹೋಗಿ ಆ ಒಪ್ಪಂದದ ಪುಟವನ್ನು ದಿನಾ ಒಮ್ಮೆ ನೋಡಿ. ಇಮೇಲ್ ನಂಬಿ ಕೂರಬೇಡಿ.

ಸಭೆಯಲ್ಲಿ ಬಂದ ಪ್ರಶ್ನೆಗಳು

*ಅವಧಿ ಮುಗಿದು ನಾಲ್ಕು ದಿನ ಆದ ಮೇಲೆ ಕ್ಲೈಂಟ್ ಬಂದು "ಇನ್ನೂ ಸ್ವಲ್ಪ ಬದಲಾಯಿಸಿ" ಅಂದರೆ ಏನು ಮಾಡಲಿ ಸರ್? ಮಾಡದಿದ್ದರೆ ಕೆಟ್ಟ ರೇಟಿಂಗ್ ಕೊಡ್ತಾರೆ ಅಂತ ಭಯ.*

ಭಯ ಸಹಜ ಕಣಮ್ಮ. ಮರ್ಯಾದೆಯಿಂದಲೇ ಉತ್ತರ ಕೊಡಿ. "ನೀವು ಬರೆದದ್ದು ಸಂತೋಷ. ಮಾರ್ಚ್ 28ರ ಸಲ್ಲಿಕೆಯ ಅವಧಿ ಮುಗಿದಿದೆ, ಆ ಮೈಲ್‌ಸ್ಟೋನ್ ರಿಲೀಸ್ ಆದ ಮೇಲೆ ಈ ಬದಲಾವಣೆ ನೋಡುತ್ತೇನೆ" ಅನ್ನಿ. ಕೇಳಿದ್ದು ನಿಜವಾಗಿ ನಿಮ್ಮ ತಪ್ಪಾಗಿದ್ದರೆ ಸರಿಪಡಿಸಿಕೊಡಿ, ಅದು ಕೆಲಸದ ಧರ್ಮ. ಹೊಸ ಕೆಲಸವಾಗಿದ್ದರೆ ಹೊಸ ಮೈಲ್‌ಸ್ಟೋನ್ ಕೇಳಿ. ಆದರೆ ಈ ಮಾತು ಬಂದ ಕೂಡಲೇ ಸಪೋರ್ಟ್ ಟಿಕೆಟ್‌ನಲ್ಲೂ ಒಂದು ಸಾಲು ಹಾಕಿ: ಈ ಕೋರಿಕೆ ಬಂದದ್ದು ಅವಧಿ ಮುಗಿದ ಮೇಲೆ, ಇಂಥ ದಿನ, ಇಂಥ ಹೊತ್ತಿಗೆ. ಮತ್ತೆ ಸಲ್ಲಿಕೆಯ ಬಟನ್ ಮಾತ್ರ ಯೋಚಿಸದೆ ಒತ್ತಬೇಡಿ. ಒತ್ತಿದರೆ ಹೊಸ ಅವಧಿ ಶುರುವಾಗಿ ಹಳೆಯದು ಕಳೆದುಹೋಗಬಹುದು.

*ಪತ್ರ ಬರೆದ ಮೇಲೆ ಎಷ್ಟು ದಿನ ಕಾಯಬೇಕು?*

ಅವರು ಉತ್ತರದಲ್ಲಿ ದಿನ ಹೇಳಿದ್ದರೆ ಆ ದಿನದವರೆಗೆ, ಅದರ ಮರುದಿನ ಅದೇ ಟಿಕೆಟ್‌ನಲ್ಲಿ ಬರೆಯಿರಿ. ಹೇಳದಿದ್ದರೆ ಮೂರು ಕೆಲಸದ ದಿನ ಬಿಟ್ಟು ಕೇಳುವುದು ಸರಿ ಅನ್ನುವುದು ನನ್ನ ಅಭಿಪ್ರಾಯ. ಶನಿವಾರ, ಭಾನುವಾರ ಪಾವತಿ ವಿಭಾಗದಲ್ಲಿ ಜನ ಕಡಿಮೆ ಇರುತ್ತಾರೆ, ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೇ ಸಲ ಬರೆಯುವಾಗ ಕಥೆ ಮೊದಲಿನಿಂದ ಬೇಡ. ಟಿಕೆಟ್ ಸಂಖ್ಯೆ, ಅವಧಿ ಮುಗಿದ ದಿನ, ಉತ್ತರ ಸಿಗದ ಪ್ರಶ್ನೆ, ಇಷ್ಟನ್ನು ಬರೆದು ಮೇಲಿನ ಹಂತಕ್ಕೆ ಕಳಿಸಲು ಕೇಳಿ.